ಗಾಳಿ ತಳ್ಳಿದತ್ತ ಹರಿಯದ ನೀರು

ಉತ್ತರ ಅಟ್ಲಾಂಟಿಕ್ ಸಾಗರದ ಮೇಲ್ಮೈ ನೀರು, ಸುಮಾರು 15ರಿಂದ 45 ಡಿಗ್ರಿ ಅಕ್ಷಾಂಶಗಳ ನಡುವೆ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಇಡೀ ಸಾಗರವನ್ನೇ ಸುತ್ತುವ ಒಂದು ಬೃಹತ್ ಚಕ್ರವಾಗಿ ಚಲಿಸುತ್ತದೆ. ದಕ್ಷಿಣದ ಅಂಚಿನಲ್ಲಿ ಅದು ಆಫ್ರಿಕದಿಂದ ಕೆರಿಬಿಯನ್ ಕಡೆಗೆ ಹರಿದು, ಅಮೆರಿಕದ ತೀರಕ್ಕೆ ತಗುಲಿ ಉತ್ತರಕ್ಕೆ ತಿರುಗಿ, ಗಲ್ಫ್ ಸ್ಟ್ರೀಮ್ ಎಂಬ ಹೆಸರಿನ ರಭಸದ ಪ್ರವಾಹವಾಗುತ್ತದೆ. ಅಲ್ಲಿಂದ ಯುರೋಪಿನತ್ತ ಸಾಗಿ, ಸ್ಪೇನ್ ಮತ್ತು ಮೊರಾಕೊ ತೀರದಾಚೆ ಕೆನರಿ ಪ್ರವಾಹವೆಂಬ ಮಂದಗತಿಯ ಹರಿವಾಗಿ ಮತ್ತೆ ದಕ್ಷಿಣಕ್ಕೆ ಇಳಿಯುತ್ತದೆ. ಇಂಥ ಚಕ್ರಗಳನ್ನು ಸಾಗರಶಾಸ್ತ್ರದಲ್ಲಿ ಗೈರ್ ಎನ್ನುತ್ತಾರೆ. ಈ ಬರಹದಲ್ಲಿ ಪ್ರವಾಹಚಕ್ರ ಎಂಬ ಮಾತನ್ನು ಬಳಸಲಾಗಿದೆ. ಉತ್ತರ ಹಾಗೂ ದಕ್ಷಿಣ ಪೆಸಿಫಿಕ್, ದಕ್ಷಿಣ ಅಟ್ಲಾಂಟಿಕ್ ಮತ್ತು ದಕ್ಷಿಣ ಹಿಂದೂ ಮಹಾಸಾಗರಗಳಲ್ಲಿಯೂ ಇದೇ ಬಗೆಯ ಚಕ್ರಗಳಿದ್ದು, ದಕ್ಷಿಣಾರ್ಧಗೋಳದಲ್ಲಿ ಅವು ಗಡಿಯಾರಕ್ಕೆ ವಿರುದ್ಧವಾಗಿ ಸುತ್ತುತ್ತವೆ.

ಶಾಲೆಯ ಭೂಗೋಳದ ಪಾಠದಲ್ಲಿ ಇದಕ್ಕೆ ಕೊಡುವ ಕಾರಣ ಸರಳವಾಗಿದೆ. ದಕ್ಷಿಣದಲ್ಲಿ ವಾಣಿಜ್ಯ ಮಾರುತಗಳು ಪೂರ್ವದಿಂದ ಪಶ್ಚಿಮಕ್ಕೆ ಬೀಸಿ ನೀರನ್ನು ಪಶ್ಚಿಮಕ್ಕೆ ತಳ್ಳುತ್ತವೆ, ಉತ್ತರದಲ್ಲಿ ಪಶ್ಚಿಮ ಮಾರುತಗಳು ಅದನ್ನು ಪೂರ್ವಕ್ಕೆ ತಳ್ಳುತ್ತವೆ, ಎರಡು ದಂಡೆಗಳು ನೀರನ್ನು ತಿರುಗಿಸಿ ಚಕ್ರವನ್ನು ಮುಗಿಸುತ್ತವೆ ಎಂಬುದು ಆ ವಿವರಣೆ. ನಕಾಶೆಯ ಬಾಣಗಳಿಗೆ ಇದು ಚೆನ್ನಾಗಿ ಹೊಂದುತ್ತದೆ, ಆದರೆ ನಿಜಕ್ಕೆ ಹೊಂದುವುದಿಲ್ಲ. ಸಾಗರದಲ್ಲಿ ಗಾಳಿ ನೇರವಾಗಿ ಕದಲಿಸುವ ನೀರು ಗಾಳಿಯ ದಿಕ್ಕಿನಲ್ಲಿ ಹೋಗುವುದೇ ಇಲ್ಲ, ಒಟ್ಟಾರೆ ಅದು ಗಾಳಿಗೆ ಅಡ್ಡಲಾಗಿ ಹೋಗುತ್ತದೆ. ದಕ್ಷಿಣದ ಪ್ರವಾಹ ಪಶ್ಚಿಮಕ್ಕೂ ಉತ್ತರದ ಪ್ರವಾಹ ಪೂರ್ವಕ್ಕೂ ಹರಿಯುವುದು ಗಾಳಿಯ ತಳ್ಳಾಟದ ನೇರ ಫಲವಲ್ಲ. ನಡುವೆ ಇನ್ನೆರಡು ಹಂತಗಳಿವೆ, ಆ ಎರಡೂ ಹಂತಗಳಲ್ಲಿ ಕೆಲಸ ಮಾಡುವುದು ಭೂಮಿಯ ತಿರುಗುವಿಕೆ. ಗಲ್ಫ್ ಸ್ಟ್ರೀಮ್ ಸಾಗರದ ಪಶ್ಚಿಮ ಅಂಚಿಗೆ ಏಕೆ ಅಂಟಿಕೊಂಡಿದೆ, ಅದು ಏಕೆ ಅಷ್ಟು ಕಿರಿದು ಮತ್ತು ವೇಗದ್ದು ಎಂಬ ಪ್ರಶ್ನೆಗೂ ಉತ್ತರ ಅಲ್ಲಿಯೇ ಇದೆ.

ಗಾಳಿಗೂ ನೀರಿಗೂ ದಿಕ್ಕು ಹೊಂದುವುದಿಲ್ಲ ಎಂಬುದು ಮೊದಲು ಸ್ಪಷ್ಟವಾಗಿ ಕಂಡದ್ದು ಆರ್ಕ್ಟಿಕ್ ಹಿಮದ ನಡುವೆ. ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ 1893ರಲ್ಲಿ ‘ಫ್ರಾಮ್’ ಎಂಬ ಗಟ್ಟಿಮುಟ್ಟಾದ ಹಡಗನ್ನು ಬೇಕೆಂದೇ ಮಂಜುಗಡ್ಡೆಯಲ್ಲಿ ಸಿಲುಕಿಸಿ, ಹಿಮದ ಜೊತೆಗೆ ಅದು ತೇಲಿದತ್ತ ತೇಲಲು ಬಿಟ್ಟನು. 1896ರವರೆಗೆ ನಡೆದ ಆ ಯಾನದಲ್ಲಿ ಗಾಳಿಯ ದಿಕ್ಕನ್ನೂ ಹಿಮದ ಚಲನೆಯನ್ನೂ ಬರೆದಿಡುತ್ತ ಬಂದಾಗ, ಹಿಮವು ಗಾಳಿ ಬೀಸಿದ ದಿಕ್ಕಿನಿಂದ 20ರಿಂದ 40 ಡಿಗ್ರಿಯಷ್ಟು ಬಲಕ್ಕೆ ಓಲಿ ಸಾಗುತ್ತಿರುವುದು ಅವನ ಗಮನಕ್ಕೆ ಬಂತು. ಒಂದೆರಡು ದಿನವಾಗಿದ್ದರೆ ಆಕಸ್ಮಿಕವೆನ್ನಬಹುದಿತ್ತು, ಆದರೆ ಅದು ವರ್ಷಗಟ್ಟಲೆ ಹಾಗೆಯೇ ನಡೆಯಿತು. ಇದು ಭೂಭ್ರಮಣದ ಪರಿಣಾಮವೇ ಇರಬೇಕೆಂದು ಊಹಿಸಿದ ನಾನ್ಸೆನ್, ಮೇಲಿನ ಪದರ ಬಲಕ್ಕೆ ಸರಿದರೆ ಅದು ಎಳೆದೊಯ್ಯುವ ಕೆಳಗಿನ ಪದರ ಇನ್ನಷ್ಟು ಬಲಕ್ಕೆ ಸರಿಯಬೇಕು ಎಂದು ತರ್ಕಿಸಿದನು. ಅದನ್ನು ಗಣಿತಕ್ಕೆ ಇಳಿಸಿದವನು ಸ್ವೀಡನ್ನಿನ ತರುಣ ವಿದ್ಯಾರ್ಥಿ ವಾನ್ ವಾಲ್‌ಫ್ರಿಡ್ ಎಕ್ಮನ್. ಅವನ ಪ್ರಸಿದ್ಧ ಪ್ರಬಂಧ 1905ರಲ್ಲಿ ಪ್ರಕಟವಾಯಿತು.

ಬಲಕ್ಕೆ ಸರಿಯುವುದೇಕೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು, ಮುಂದಿನ ಎಲ್ಲ ಮಾತಿಗೂ ಇದೇ ಆಧಾರ. ಧ್ರುವದ ಮೇಲೆ ನಿಂತವನ ಕಾಲಡಿಯ ನೆಲ ದಿನಕ್ಕೊಮ್ಮೆ ಪೂರ್ತಿ ಒಂದು ಸುತ್ತು ತಿರುಗುತ್ತದೆ. ಸಮಭಾಜಕದ ಮೇಲೆ ನಿಂತವನನ್ನು ಭೂಮಿ ಅತಿ ವೇಗವಾಗಿ ಪೂರ್ವಕ್ಕೆ ಒಯ್ಯುತ್ತದೆಯಾದರೂ ಅವನ ಕಾಲಡಿಯ ನೆಲ ಅವನನ್ನು ನಡುವಾಗಿಟ್ಟುಕೊಂಡು ಸುತ್ತುವುದಿಲ್ಲ. ಇವೆರಡರ ನಡುವಿನ ಯಾವುದೇ ಜಾಗದಲ್ಲಿ ನೆಲಕ್ಕೆ ಈ ಸುತ್ತಿನ ಸ್ವಲ್ಪ ಪಾಲು ಇರುತ್ತದೆ. 30 ಡಿಗ್ರಿ ಅಕ್ಷಾಂಶದಲ್ಲಿ ಅದು ಧ್ರುವದ ಸುತ್ತಿನ ಸರಿಯಾಗಿ ಅರ್ಧ. ಇದನ್ನು ಆ ಜಾಗದ ಸ್ಥಳೀಯ ಭ್ರಮಣ ಎನ್ನೋಣ. ಉತ್ತರಾರ್ಧಗೋಳದಲ್ಲಿ ನೆಲ ಗಡಿಯಾರಕ್ಕೆ ವಿರುದ್ಧವಾಗಿ ತಿರುಗುತ್ತಿರುವುದರಿಂದ, ಅದರ ಮೇಲೆ ನೆಟ್ಟಗೆ ಸಾಗಲು ಹೊರಟ ಯಾವುದೇ ವಸ್ತು ಆ ನೆಲದ ಮೇಲಿರುವವರ ಕಣ್ಣಿಗೆ ಬಲಕ್ಕೆ ಬಾಗಿದಂತೆ ಕಾಣುತ್ತದೆ. 1835ರಲ್ಲಿ ತಿರುಗುವ ಯಂತ್ರಗಳ ಬಗ್ಗೆ ಬರೆಯುತ್ತ ಇದರ ಗಣಿತವನ್ನು ಕೊಟ್ಟ ಫ್ರಾನ್ಸಿನ ಗಸ್ಪಾರ್ ಕೊರಿಯಾಲಿಸ್‌ನ ಹೆಸರೇ ಈ ಬಾಗುವಿಕೆಗೆ ಉಳಿದುಕೊಂಡಿದೆ.

ಕೊರಿಯಾಲಿಸ್ ಪರಿಣಾಮ ಬಹಳ ದುರ್ಬಲವಾದದ್ದು. 30 ಡಿಗ್ರಿ ಅಕ್ಷಾಂಶದಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗದ ನೀರನ್ನು ಅದು ಪಕ್ಕಕ್ಕೆ ಎಳೆಯುವ ಬಲ, ಅದೇ ನೀರಿನ ತೂಕದ ಒಂದು ಲಕ್ಷದ ಒಂದು ಪಾಲಿಗಿಂತಲೂ ಕಡಿಮೆ. ಬಚ್ಚಲಿನ ನೀರು ಯಾವ ಕಡೆಗೆ ಸುತ್ತಿ ಇಳಿಯಬೇಕೆಂಬುದನ್ನು ಇದು ತೀರ್ಮಾನಿಸುತ್ತದೆಂಬ ಜನಪ್ರಿಯ ಮಾತು ಆ ಕಾರಣಕ್ಕೇ ಸುಳ್ಳು. ಬಚ್ಚಲು ಖಾಲಿಯಾಗುವ ಒಂದು ನಿಮಿಷದಲ್ಲಿ ಅಷ್ಟು ಸಣ್ಣ ಬಲ ಏನನ್ನೂ ಮಾಡಲಾರದು, ನೀರು ತುಂಬುವಾಗಿನ ಕದಲಿಕೆಯೇ ಅಲ್ಲಿ ದೊಡ್ಡದು. ಸಾಗರದ ನೀರಿಗಾದರೋ ದಿನಗಳ, ತಿಂಗಳುಗಳ ಕಾಲಾವಕಾಶವಿದೆ, ನೂರಾರು ಕಿಲೋಮೀಟರ್ ಬಯಲಿದೆ, ಎದುರು ನಿಲ್ಲುವ ಘರ್ಷಣೆ ಅತ್ಯಲ್ಪ. ಅಲ್ಲಿ ಇದೇ ದುರ್ಬಲ ಬಲ ಯಜಮಾನನಾಗುತ್ತದೆ. ಗಾಳಿ ಏಕಾಏಕಿ ನಿಂತರೆ ನೀರು ತನ್ನಷ್ಟಕ್ಕೆ ಬಾಗುತ್ತ ವೃತ್ತಾಕಾರದಲ್ಲಿ ಸುತ್ತುವುದನ್ನು ಉಪಕರಣಗಳು ಎಲ್ಲ ಸಾಗರಗಳಲ್ಲೂ ದಾಖಲಿಸಿವೆ. ಆ ಸುತ್ತಿಗೆ 30 ಡಿಗ್ರಿ ಅಕ್ಷಾಂಶದಲ್ಲಿ ಸುಮಾರು ಒಂದು ದಿನ ಬೇಕು. ಮಂಗಳೂರಿನ ಅಕ್ಷಾಂಶದಲ್ಲಿ, ಅಲ್ಲಿ ಸ್ಥಳೀಯ ಭ್ರಮಣ ಕಡಿಮೆಯಾದ್ದರಿಂದ, ಸುಮಾರು 54 ಗಂಟೆ.

ಎಕ್ಮನ್ನನ ಲೆಕ್ಕದ ಪ್ರಕಾರ, ಒಂದೇ ಸಮನೆ ಬೀಸುವ ಗಾಳಿ ನೀರಿನ ತೀರ ಮೇಲಿನ ಪದರವನ್ನು ತನ್ನ ದಿಕ್ಕಿನಿಂದ 45 ಡಿಗ್ರಿ ಬಲಕ್ಕೆ ಕದಲಿಸುತ್ತದೆ. ಆ ಪದರ ತನ್ನ ಕೆಳಗಿನದನ್ನು ಇನ್ನಷ್ಟು ಬಲಕ್ಕೆ ಮತ್ತು ಇನ್ನಷ್ಟು ನಿಧಾನವಾಗಿ ಎಳೆಯುತ್ತದೆ. ಹೀಗೆ ಕೆಳಕೆಳಗೆ ಹೋದಂತೆ ದಿಕ್ಕು ತಿರುಗುತ್ತ, ವೇಗ ಕುಗ್ಗುತ್ತ, ಕೆಲವು ಹತ್ತು ಮೀಟರುಗಳಿಂದ ನೂರು ಮೀಟರಿನ ಆಳದಲ್ಲಿ ಗಾಳಿಯ ಪ್ರಭಾವವೇ ಮುಗಿದುಹೋಗುತ್ತದೆ. ಈ ಸುರುಳಿಯಾಕಾರದ ಚಿತ್ರ ಎಲ್ಲ ಪಠ್ಯಗಳಲ್ಲಿಯೂ ಇದೆ, ಆದರೆ ಅದು ಅಷ್ಟು ಅಚ್ಚುಕಟ್ಟಾಗಿ ನಿಜವಾದ ಸಾಗರದಲ್ಲಿ ಕಾಣುವುದು ಅಪರೂಪ, ಏಕೆಂದರೆ ಗಾಳಿ ಒಂದೇ ಸಮನೆ ಬೀಸುವುದಿಲ್ಲ, ಅಲೆಗಳು ಪದರಗಳನ್ನು ಕಲಕುತ್ತವೆ, ಹಗಲಿನ ಬಿಸಿಲು ಮೇಲಿನ ಪದರವನ್ನು ಹಗುರಗೊಳಿಸುತ್ತದೆ. ಸುರುಳಿಯ ಆಕಾರ ಹೇಗೇ ಇರಲಿ, ಎಲ್ಲ ಪದರಗಳನ್ನೂ ಕೂಡಿಸಿದಾಗ ಸಿಗುವ ಒಟ್ಟು ಸಾಗಣೆ ಮಾತ್ರ ಗಾಳಿಗೆ ಸರಿಯಾಗಿ ಬಲಕ್ಕೆ, 90 ಡಿಗ್ರಿಯಲ್ಲಿ ಇರಬೇಕು ಎಂಬ ಎಕ್ಮನ್ನನ ತೀರ್ಮಾನ ಗಟ್ಟಿಯಾದದ್ದು. ಅದಕ್ಕೆ ಘರ್ಷಣೆಯ ವಿವರಗಳ ಹಂಗಿಲ್ಲ. ಉತ್ತರ ಅಟ್ಲಾಂಟಿಕ್ ಚಕ್ರದ ನಡುವಿನ ಸರ್ಗಾಸೋ ಸಮುದ್ರದಲ್ಲಿ ದೀರ್ಘಕಾಲ ನಡೆಸಿ 1987ರಲ್ಲಿ ಪ್ರಕಟಿಸಿದ ಅಳತೆಗಳಲ್ಲಿ ದಿಕ್ಕು ಮತ್ತು ಪ್ರಮಾಣ ಎರಡೂ ಈ ತೀರ್ಮಾನಕ್ಕೆ ಬಹಳ ಹತ್ತಿರ ಬಂದವು.

ಇದನ್ನು ಈಗ ಉತ್ತರ ಅಟ್ಲಾಂಟಿಕ್‌ಗೆ ಅನ್ವಯಿಸಿ ನೋಡಬೇಕು. ಪಶ್ಚಿಮದತ್ತ ಬೀಸುವ ವಾಣಿಜ್ಯ ಮಾರುತದ ಬಲಗಡೆಗೆ ಇರುವುದು ಉತ್ತರ. ಪೂರ್ವದತ್ತ ಬೀಸುವ ಪಶ್ಚಿಮ ಮಾರುತದ ಬಲಗಡೆಗೆ ಇರುವುದು ದಕ್ಷಿಣ. ಎಂದರೆ ಎರಡೂ ಗಾಳಿಗಳು ಮೇಲ್ಮೈ ನೀರನ್ನು ಸಾಗರದ ನಡುವಿಗೇ ತಂದು ಸುರಿಯುತ್ತವೆ. ಎಷ್ಟು ಎಂಬುದನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು. ಈ ಗಾಳಿಗಳು ನೀರಿನ ಮೇಲೆ ಹಾಕುವ ಎಳೆತ ಪ್ರತಿ ಚದರ ಮೀಟರಿಗೆ ಸುಮಾರು 0.1 ನ್ಯೂಟನ್, ಸುಮಾರು ಹತ್ತು ಗ್ರಾಂ ತೂಕಕ್ಕೆ ಸಮ. 20 ಡಿಗ್ರಿ ಅಕ್ಷಾಂಶದಲ್ಲಿ ಅಷ್ಟು ಎಳೆತ, ಪೂರ್ವ–ಪಶ್ಚಿಮವಾಗಿ ಅಳೆದ ಪ್ರತಿ ಮೀಟರ್ ಅಗಲಕ್ಕೆ, ಸೆಕೆಂಡಿಗೆ ಸುಮಾರು ಎರಡು ಘನಮೀಟರ್ ನೀರನ್ನು ಉತ್ತರಕ್ಕೆ ಸಾಗಿಸುತ್ತದೆ. 40 ಡಿಗ್ರಿಯಲ್ಲಿ ಸ್ಥಳೀಯ ಭ್ರಮಣ ಹೆಚ್ಚಿರುವುದರಿಂದ ಅದೇ ಎಳೆತ ಸುಮಾರು ಒಂದು ಘನಮೀಟರನ್ನಷ್ಟೇ ದಕ್ಷಿಣಕ್ಕೆ ಸಾಗಿಸುತ್ತದೆ. ಹೀಗೆ ಒಂದು ಮೀಟರ್ ಅಗಲ, 2,200 ಕಿಲೋಮೀಟರ್ ಉದ್ದದ ಪಟ್ಟಿಯೊಳಕ್ಕೆ ಎರಡು ತುದಿಗಳಿಂದ ಸೆಕೆಂಡಿಗೆ ಮೂರು ಘನಮೀಟರ್ ನೀರು ಬರುತ್ತದೆ. ಅದನ್ನು ಪಟ್ಟಿಯ ಉದ್ದಕ್ಕೂ ಹಂಚಿದರೆ ವರ್ಷಕ್ಕೆ ಸುಮಾರು 40 ಮೀಟರ್ ದಪ್ಪದ ನೀರಾಗುತ್ತದೆ.

ವರ್ಷವರ್ಷವೂ 40 ಮೀಟರ್ ಸೇರುತ್ತ ಹೋದರೂ ಅಟ್ಲಾಂಟಿಕ್ ಬೆಟ್ಟವಾಗಿ ಬೆಳೆದಿಲ್ಲ. ಬಂದ ನೀರು ಮೇಲ್ಮೈಯನ್ನು ಸ್ವಲ್ಪ ಉಬ್ಬಿಸಿ, ಉಳಿದಂತೆ ತನ್ನ ಕೆಳಗಿನ ಪದರಗಳನ್ನು ನಿಧಾನವಾಗಿ ಅದುಮುತ್ತದೆ. ಸರ್ಗಾಸೋ ಸಮುದ್ರದಲ್ಲಿ ಬೆಚ್ಚನೆಯ ನೀರು ನೂರಾರು ಮೀಟರ್ ಆಳದವರೆಗೆ ಇಳಿದು ನಿಂತಿರುವುದು ಈ ಅದುಮುವಿಕೆಯಿಂದ. ಮೇಲ್ಮೈಯ ಉಬ್ಬು ಮಾತ್ರ ಸುತ್ತಲಿನ ನೀರಿಗಿಂತ ಸುಮಾರು ಒಂದು ಮೀಟರಿನಷ್ಟು ಎತ್ತರದ್ದು. ಸಾವಿರಾರು ಕಿಲೋಮೀಟರ್ ಹರಡಿರುವ ಅಷ್ಟು ಚಪ್ಪಟೆ ದಿಬ್ಬವನ್ನು ಹಡಗಿನ ಮೇಲಿಂದ ಕಾಣಲು ಸಾಧ್ಯವಿಲ್ಲ. ಹಿಂದಿನ ಸಾಗರಶಾಸ್ತ್ರಜ್ಞರು ನೀರಿನ ಉಷ್ಣತೆ ಮತ್ತು ಲವಣಾಂಶವನ್ನು ಅಳೆದು, ಅದರಿಂದ ಸಾಂದ್ರತೆ ತಿಳಿದು, ದಿಬ್ಬದ ಆಕಾರವನ್ನು ಲೆಕ್ಕದ ಮೂಲಕ ಕಂಡುಕೊಂಡಿದ್ದರು. 1992ರಲ್ಲಿ ಹಾರಿಬಿಟ್ಟ ಟೋಪೆಕ್ಸ್/ಪೊಸೈಡನ್ ಉಪಗ್ರಹ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಎತ್ತರದಿಂದ ರಾಡಾರ್ ತರಂಗಗಳನ್ನು ಕಳುಹಿಸಿ, ಕೆಲವೇ ಸೆಂಟಿಮೀಟರುಗಳ ನಿಖರತೆಯಲ್ಲಿ ಅದನ್ನು ನೇರವಾಗಿ ಅಳೆಯಿತು. ಕಾಗದದ ಮೇಲಿನ ದಿಬ್ಬ ಸಾಗರದ ಮೇಲೂ ಇತ್ತು.

ಎರಡನೆಯ ಹಂತ ಶುರುವಾಗುವುದು ಈ ದಿಬ್ಬದಿಂದ. ನೀರಿನ ಸ್ವಭಾವ ಇಳಿಜಾರಿನತ್ತ ಹರಿಯುವುದು. ದಿಬ್ಬದ ನಡುವಿನಿಂದ ಎಲ್ಲ ದಿಕ್ಕಿಗೂ ಅದು ಇಳಿಯಲು ಹೊರಡುತ್ತದೆ, ಹೊರಟೊಡನೆ ಬಲಕ್ಕೆ ಬಾಗತೊಡಗುತ್ತದೆ. ಬಾಗುತ್ತ ಬಾಗುತ್ತ ಕೊನೆಗೆ ಅದು ದಿಬ್ಬವನ್ನು ಇಳಿಯುವುದನ್ನೇ ಬಿಟ್ಟು, ಸಮಾನ ಎತ್ತರದ ಗೆರೆಯ ಗುಂಟ, ದಿಬ್ಬವನ್ನು ತನ್ನ ಬಲಕ್ಕೆ ಇಟ್ಟುಕೊಂಡು ಸುತ್ತಲು ತೊಡಗುತ್ತದೆ. ಆಗ ಇಳಿಜಾರು ಒಂದು ಕಡೆಗೆ, ಕೊರಿಯಾಲಿಸ್ ಪರಿಣಾಮ ಅದರ ಎದುರು ಕಡೆಗೆ ಎಳೆಯುತ್ತ ಎರಡೂ ಸರಿತೂಗುತ್ತವೆ. ಇದನ್ನು ಭೂಭ್ರಮಣ ಸಮತೋಲ ಎನ್ನಬಹುದು. ಪ್ರವಾಹಚಕ್ರವೆಂದರೆ ಇದೇ. ದಿಬ್ಬದ ದಕ್ಷಿಣ ಪಾರ್ಶ್ವದಲ್ಲಿ ನೀರು ಪಶ್ಚಿಮಕ್ಕೆ, ಉತ್ತರ ಪಾರ್ಶ್ವದಲ್ಲಿ ಪೂರ್ವಕ್ಕೆ ಹರಿಯುವುದರಿಂದ ಅದು ಗಾಳಿಯ ಜೊತೆಗೇ ಹೋದಂತೆ ತೋರುತ್ತದೆ, ಪಠ್ಯಪುಸ್ತಕದ ಸರಳ ವಿವರಣೆ ಇಷ್ಟು ಕಾಲ ಬಾಳಿರುವುದು ಇದರಿಂದಲೇ. ಆದರೆ ಗಾಳಿ ನೇರವಾಗಿ ಮುಟ್ಟುವುದು ಮೇಲಿನ ನೂರು ಮೀಟರನ್ನಷ್ಟೇ, ಚಕ್ರವಾದರೋ ನೂರಾರು ಮೀಟರ್ ಆಳದವರೆಗೂ ಸುತ್ತುತ್ತದೆ. ದಿಬ್ಬವನ್ನು ಬಿಟ್ಟು ಇದನ್ನು ವಿವರಿಸುವ ದಾರಿಯಿಲ್ಲ.

ಗಲ್ಫ್ ಸ್ಟ್ರೀಮ್‌ನ ಒಂದು ಅಡ್ಡಕೊಯ್ತದಲ್ಲಿ ಈ ಸಮತೋಲವನ್ನು ಪರೀಕ್ಷಿಸಬಹುದು. ಉತ್ತರ ಕೆರೊಲಿನಾದ ಹ್ಯಾಟೆರಾಸ್ ಭೂಶಿರದ ಹೊರಗೆ, ಸುಮಾರು 36 ಡಿಗ್ರಿ ಅಕ್ಷಾಂಶದಲ್ಲಿ, ಪ್ರವಾಹದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುವಾಗ ಸಮುದ್ರದ ಮಟ್ಟ ಸುಮಾರು ನೂರು ಕಿಲೋಮೀಟರಿನಲ್ಲಿ ಒಂದು ಮೀಟರ್ ಏರುತ್ತದೆ. ಈ ಇಳಿಜಾರಿಗೆ ಸರಿತೂಗಲು ನೀರು ಎಷ್ಟು ವೇಗದಲ್ಲಿ ಹರಿಯಬೇಕೆಂದು ಲೆಕ್ಕ ಹಾಕಿದರೆ ಸೆಕೆಂಡಿಗೆ 1.1 ಮೀಟರ್ ಎಂದು ಬರುತ್ತದೆ. ಅಲ್ಲಿ ನಿಜವಾಗಿ ಅಳೆದ ಮೇಲ್ಮೈ ವೇಗ ಸೆಕೆಂಡಿಗೆ ಒಂದರಿಂದ ಎರಡು ಮೀಟರ್, ಅತಿ ಹೆಚ್ಚಿನ ವೇಗ ಪ್ರವಾಹದ ಕಿರಿದಾದ ನಡುಭಾಗದಲ್ಲಿ. ಇಳಿಜಾರನ್ನು ಅಳೆದರೆ ವೇಗ ತಿಳಿಯುತ್ತದೆ ಎಂಬ ಈ ನಂಬಿಕೆಯ ಮೇಲೆಯೇ ಇಂದಿನ ಉಪಗ್ರಹ ಆಧಾರಿತ ಪ್ರವಾಹ ನಕಾಶೆಗಳೆಲ್ಲ ನಿಂತಿವೆ. ಪ್ರವಾಹದ ಅಂಚು ಎಲ್ಲಿದೆ ಎಂದು ಗುರುತಿಸಲು ಹಡಗಿನವರು ಬಳಸುವ ಗುರುತು ಇನ್ನೂ ಸರಳವಾದದ್ದು: 200 ಮೀಟರ್ ಆಳದಲ್ಲಿ ಉಷ್ಣಮಾಪಕ 15 ಡಿಗ್ರಿ ಸೆಲ್ಸಿಯಸ್ ತೋರಿಸುವ ಕಡೆ ಗಲ್ಫ್ ಸ್ಟ್ರೀಮ್‌ನ ಉತ್ತರದ ಗೋಡೆ ಇದೆ ಎಂದು ತಿಳಿಯಲಾಗುತ್ತದೆ.

ಇಷ್ಟಾದರೂ ದಿಬ್ಬದ ಶಿಖರ ಸಾಗರದ ನಡುವಿನಲ್ಲಿ ಇಲ್ಲದೆ ಅಮೆರಿಕದ ಕಡೆಗೆ ವಾಲಿಕೊಂಡಿರುವುದು ಏಕೆ ಎಂಬ ಪ್ರಶ್ನೆ ಉಳಿಯುತ್ತದೆ. ಪಶ್ಚಿಮದ ಇಳಿಜಾರು ಕಡಿದು, ಆದ್ದರಿಂದ ಅಲ್ಲಿನ ಪ್ರವಾಹ ಕಿರಿದು ಮತ್ತು ರಭಸದ್ದು. ಪೂರ್ವದ ಇಳಿಜಾರು ಬಹಳ ಸಾವಕಾಶ, ಆದ್ದರಿಂದ ಕೆನರಿ ಪ್ರವಾಹ ಅಗಲ ಮತ್ತು ಮಂದ. ಗಾಳಿಯ ನಕಾಶೆಯಲ್ಲಿ ಇಂಥ ಪಕ್ಷಪಾತವಿಲ್ಲ. ಈ ಪ್ರವಾಹ ನಾವಿಕರಿಗೆ ಬಹಳ ಹಿಂದೆಯೇ ಗೊತ್ತಿತ್ತು; ಇಂಗ್ಲೆಂಡಿನಿಂದ ಬರುವ ಟಪಾಲು ಹಡಗುಗಳು ಏಕೆ ತಡವಾಗುತ್ತವೆ ಎಂಬ ಪ್ರಶ್ನೆಗೆ ಉತ್ತರವಾಗಿ ಬೆಂಜಮಿನ್ ಫ್ರಾಂಕ್ಲಿನ್, ತಿಮಿಂಗಿಲ ಬೇಟೆಯ ಅನುಭವವಿದ್ದ ತನ್ನ ಬಂಧು ತಿಮೊತಿ ಫೋಲ್ಜರನ ನೆರವಿನಿಂದ, 1769ರ ಹೊತ್ತಿಗೆ ಅದರ ನಕಾಶೆಯನ್ನೇ ಅಚ್ಚು ಹಾಕಿಸಿದ್ದನು. ಆದರೆ ಪಶ್ಚಿಮದ ಅಂಚೇ ಏಕೆ ಎಂಬುದಕ್ಕೆ ಮತ್ತೆ ಸುಮಾರು 180 ವರ್ಷ ಉತ್ತರವಿರಲಿಲ್ಲ.

ಅಮೆರಿಕದ ಹೆನ್ರಿ ಸ್ಟೊಮೆಲ್ 1948ರಲ್ಲಿ ಪ್ರಕಟಿಸಿದ ಕೆಲವೇ ಪುಟಗಳ ಪ್ರಬಂಧ ಆ ಉತ್ತರವನ್ನು ಕೊಟ್ಟಿತು, ಅದರ ರಚನೆಯ ಸರಳತೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಅವನು ಸಾಗರವನ್ನು ಒಂದೇ ಆಳದ ಆಯತಾಕಾರದ ತೊಟ್ಟಿಯೆಂದು ಭಾವಿಸಿ, ದಕ್ಷಿಣದಲ್ಲಿ ಪಶ್ಚಿಮಕ್ಕೆ, ಉತ್ತರದಲ್ಲಿ ಪೂರ್ವಕ್ಕೆ ಬೀಸುವ ಗಾಳಿಯನ್ನು ಅದರ ಮೇಲೆ ಹಾಕಿ, ಒಂದೇ ಲೆಕ್ಕವನ್ನು ಮೂರು ಬಾರಿ ಮಾಡಿದನು. ಮೊದಲ ಬಾರಿ ಭೂಮಿ ತಿರುಗುವುದೇ ಇಲ್ಲವೆಂದು ಇಟ್ಟುಕೊಂಡನು. ಆಗ ಎರಡು ಅಂಚುಗಳಲ್ಲೂ ಸಮನಾದ, ನಡುವೆ ಕೇಂದ್ರವಿರುವ ಚಕ್ರ ಬಂತು. ಎರಡನೆಯ ಬಾರಿ ಭೂಮಿ ತಿರುಗುತ್ತದೆ, ಆದರೆ ಸ್ಥಳೀಯ ಭ್ರಮಣ ಎಲ್ಲ ಅಕ್ಷಾಂಶಗಳಲ್ಲೂ ಒಂದೇ ಎಂದು ಇಟ್ಟುಕೊಂಡನು. ಆಗ ದಿಬ್ಬ ಎದ್ದಿತು, ಆದರೆ ಚಕ್ರ ಮಾತ್ರ ಹಾಗೆಯೇ ಸಮನಾಗಿ ಉಳಿಯಿತು. ಮೂರನೆಯ ಬಾರಿ ಸ್ಥಳೀಯ ಭ್ರಮಣ ಉತ್ತರಕ್ಕೆ ಹೋದಂತೆ ಹೆಚ್ಚುತ್ತದೆ ಎಂಬ ಒಂದು ಸಂಗತಿಯನ್ನಷ್ಟೇ ಸೇರಿಸಿದನು. ಆಗ ಚಕ್ರದ ಗೆರೆಗಳೆಲ್ಲ ಪಶ್ಚಿಮದ ಗೋಡೆಗೆ ಒತ್ತರಿಸಿ ನಿಂತವು. ಗಲ್ಫ್ ಸ್ಟ್ರೀಮ್‌ಗೆ ಕಾರಣ ಭೂಮಿ ತಿರುಗುವುದಷ್ಟೇ ಅಲ್ಲ, ಅದು ದುಂಡಾಗಿರುವುದು.

ಇದರ ಒಳಗಿನ ತರ್ಕ ಸ್ವಲ್ಪ ನಿಧಾನವಾಗಿ ಓದಬೇಕಾದದ್ದು. ಗಿರಕಿ ಹೊಡೆಯುತ್ತಿರುವ ಯಕ್ಷಗಾನದ ವೇಷಧಾರಿ ಕೈಗಳನ್ನು ಅಗಲಕ್ಕೆ ಚಾಚಿದರೆ ಅವನ ಸುತ್ತು ನಿಧಾನವಾಗುತ್ತದೆ. ಸಾಗರದ ನಡುವಿನ ನೀರಿನ ಕಂಬವನ್ನು ಗಾಳಿ ಮೇಲಿಂದ ಅದುಮಿದಾಗ ಅದು ಗಿಡ್ಡವಾಗಿ ಅಗಲಿಸುತ್ತದೆ, ಅದರ ಸುತ್ತೂ ಹಾಗೆಯೇ ತಗ್ಗಬೇಕಾಗುತ್ತದೆ. ಆ ಕಂಬದ ಸುತ್ತೆಂದರೆ ಬಹುಪಾಲು ಅದು ನಿಂತ ನೆಲದ ಸ್ಥಳೀಯ ಭ್ರಮಣವೇ. ಅದು ತಗ್ಗಬೇಕೆಂದರೆ ಭ್ರಮಣ ಕಡಿಮೆಯಿರುವ ಕಡೆಗೆ, ಅಂದರೆ ದಕ್ಷಿಣಕ್ಕೆ, ನೀರು ಸರಿಯಬೇಕು. ಹೀಗೆ ಸಾಗರದ ವಿಶಾಲವಾದ ಒಡಲಿನಲ್ಲೆಲ್ಲ ನೀರು ಮೆಲ್ಲನೆ ದಕ್ಷಿಣಕ್ಕೆ ಜರುಗುತ್ತದೆ. 1947ರಲ್ಲಿ ಹರಾಲ್ಡ್ ಸ್ವೆರ್ಡ್ರುಪ್ ಇದರ ಸೂತ್ರವನ್ನು ಕೊಟ್ಟನು. ಸೆಕೆಂಡಿಗೆ ಹತ್ತು ಲಕ್ಷ ಘನಮೀಟರ್ ಹರಿವನ್ನು ಒಂದು ಸ್ವೆರ್ಡ್ರುಪ್ ಎಂದು ಅಳೆಯುವುದು ಅವನ ಹೆಸರಿನಲ್ಲಿಯೇ, ಜಗತ್ತಿನ ಎಲ್ಲ ನದಿಗಳೂ ಸೇರಿ ಸಮುದ್ರಕ್ಕೆ ಸುರಿಯುವ ನೀರು ಒಂದಕ್ಕಿಂತ ತುಸು ಹೆಚ್ಚು ಸ್ವೆರ್ಡ್ರುಪ್ ಅಷ್ಟೇ.

ದಕ್ಷಿಣಕ್ಕೆ ಸರಿದ ನೀರು ಎಲ್ಲಾದರೂ ಒಂದು ಕಡೆ ಉತ್ತರಕ್ಕೆ ಮರಳಲೇಬೇಕು. ಮರಳುವಾಗ ತೊಡಕು ಎದುರಾಗುತ್ತದೆ: ಭ್ರಮಣ ಹೆಚ್ಚಿರುವ ಕಡೆಗೆ ಹೋಗುವ ನೀರು ಅಲ್ಲಿನ ನೆಲಕ್ಕೆ ಹೋಲಿಸಿದರೆ ಗಡಿಯಾರದ ದಿಕ್ಕಿನಲ್ಲಿ ಸುತ್ತತೊಡಗುತ್ತದೆ, ಗಾಳಿ ಕೊಡುವ ಸುತ್ತೂ ಅದೇ ದಿಕ್ಕಿನದು, ಎರಡೂ ಕೂಡಿಕೊಂಡು ಬೆಳೆಯುತ್ತಲೇ ಹೋಗುತ್ತವೆ. ಅದನ್ನು ಕರಗಿಸಲು ವಿರುದ್ಧ ದಿಕ್ಕಿನ ಬಲವಾದ ಎಳೆತ ಬೇಕು, ಅದನ್ನು ಕೊಡಬಲ್ಲದ್ದು ದಂಡೆಯ ಉಜ್ಜಾಟ ಮಾತ್ರ. ಉತ್ತರಕ್ಕೆ ಹರಿಯುವ ನೀರಿನ ಎಡಕ್ಕೆ ದಂಡೆಯಿದ್ದರೆ, ಎಡಬದಿ ತಡೆದು ಬಲಬದಿ ಮುಂದೋಡಿ, ನೀರಿಗೆ ಗಡಿಯಾರದ ವಿರುದ್ಧ ದಿಕ್ಕಿನ ಸುತ್ತು ಸಿಗುತ್ತದೆ; ಲೆಕ್ಕ ಸರಿಹೋಗುತ್ತದೆ. ದಂಡೆ ಬಲಕ್ಕಿದ್ದರೆ ಉಜ್ಜಾಟವೂ ಗಡಿಯಾರದ ದಿಕ್ಕಿನದೇ ಆಗಿ ತೊಡಕು ಇನ್ನೂ ಬಿಗಿಯಾಗುತ್ತದೆ. ಎಡಕ್ಕೆ ದಂಡೆಯಿರುವುದು ಸಾಗರದ ಪಶ್ಚಿಮ ಅಂಚಿನಲ್ಲಿ. ಉಜ್ಜಾಟ ಸಾಕಷ್ಟು ಆಗಬೇಕಾದರೆ ಪ್ರವಾಹ ಕಿರಿದಾಗಿಯೂ ವೇಗವಾಗಿಯೂ ಇರಬೇಕು. ಜಪಾನಿನ ಕುರೋಶಿಯೊ ಇರುವುದು ಪೆಸಿಫಿಕ್‌ನ ಪಶ್ಚಿಮ ಅಂಚಿನಲ್ಲಿಯೇ. ದಕ್ಷಿಣಾರ್ಧಗೋಳದಲ್ಲಿ ಎಡಬಲಗಳೂ ಉತ್ತರದಕ್ಷಿಣಗಳೂ ಒಟ್ಟಿಗೆ ಅದಲುಬದಲಾಗುವುದರಿಂದ ಅಲ್ಲಿಯೂ ಬ್ರೆಜಿಲ್ ಪ್ರವಾಹ ಮತ್ತು ಆಫ್ರಿಕದ ಅಗುಲ್ಹಾಸ್ ಪ್ರವಾಹ ಪಶ್ಚಿಮ ಅಂಚಿನಲ್ಲಿಯೇ ಇವೆ.

ಮೇಲೆ ಹಾಕಿದ ವರ್ಷಕ್ಕೆ 40 ಮೀಟರಿನ ಲೆಕ್ಕವನ್ನು ಸ್ವೆರ್ಡ್ರುಪ್ ಸೂತ್ರಕ್ಕೆ ಇಟ್ಟು, ಸಾಗರದ ಸುಮಾರು 6,000 ಕಿಲೋಮೀಟರ್ ಅಗಲಕ್ಕೆ ಗುಣಿಸಿದರೆ, ದಕ್ಷಿಣಕ್ಕೆ ಸರಿಯುವ ನೀರು ಸುಮಾರು 30 ಸ್ವೆರ್ಡ್ರುಪ್ ಎಂದು ಬರುತ್ತದೆ. ಫ್ಲಾರಿಡಾ ಮತ್ತು ಬಹಾಮಾ ನಡುವಿನ ಜಲಸಂಧಿಯಲ್ಲಿ, ಸಮುದ್ರದ ತಳದಲ್ಲಿ ಹಾಸಿದ ದೂರವಾಣಿ ಕೇಬಲ್ಲಿನ ನೆರವಿನಿಂದ 1982ರಿಂದ ಉತ್ತರದತ್ತಣ ಹರಿವನ್ನು ಅಳೆಯುತ್ತ ಬರಲಾಗಿದೆ. ಉಪ್ಪುನೀರು ಭೂಮಿಯ ಕಾಂತಕ್ಷೇತ್ರದಲ್ಲಿ ಹರಿಯುವಾಗ ಕೇಬಲ್ಲಿನಲ್ಲಿ ಹುಟ್ಟುವ ಸಣ್ಣ ವಿದ್ಯುತ್ ವೋಲ್ಟೇಜು ಹರಿವಿನ ಪ್ರಮಾಣವನ್ನು ತಿಳಿಸುತ್ತದೆ. ಅಲ್ಲಿ ಸಿಗುವ ಸರಾಸರಿ ಸುಮಾರು 32 ಸ್ವೆರ್ಡ್ರುಪ್. ಎರಡು ಸಂಖ್ಯೆಗಳು ಇಷ್ಟು ಹತ್ತಿರ ಬಂದದ್ದಕ್ಕೆ ಹಿಗ್ಗುವ ಮೊದಲು ಒಂದು ಎಚ್ಚರ ಬೇಕು. 26.5 ಡಿಗ್ರಿ ಅಕ್ಷಾಂಶದಲ್ಲಿ 2004ರಿಂದ ಸಾಗರದ ಎರಡೂ ದಂಡೆಗಳ ನಡುವೆ ಲಂಗರು ಹಾಕಿದ ಉಪಕರಣಗಳು ತೋರಿಸಿರುವಂತೆ, ಉತ್ತರಕ್ಕೆ ಹೋಗುವ ಮೇಲ್ನೀರಿನಲ್ಲಿ ಸುಮಾರು 17 ಸ್ವೆರ್ಡ್ರುಪ್‌ನಷ್ಟು ಚಕ್ರಕ್ಕೆ ಸೇರಿದ್ದೇ ಅಲ್ಲ. ಅದು ಗ್ರೀನ್‌ಲ್ಯಾಂಡ್ ಸುತ್ತಮುತ್ತ ತಣಿದು, ಭಾರವಾಗಿ ಮುಳುಗಿ, ಆಳದಲ್ಲಿ ದಕ್ಷಿಣಕ್ಕೆ ಮರಳುವ ಬೇರೊಂದು ಪರಿಚಲನೆಯ ಪಾಲು. ಗಾಳಿಯ ಚಕ್ರಕ್ಕೆ ಉಳಿಯುವುದು ಸರಿಸುಮಾರು ಅರ್ಧ. ಸರಳ ಲೆಕ್ಕ ಪ್ರಮಾಣದ ಅಂದಾಜನ್ನು ಸರಿಯಾಗಿ ಕೊಡುತ್ತದೆ, ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಬಯಸಬಾರದು.

ಈ ಎರಡು ಪಾಲುಗಳ ಭೇದ ತಿಳಿಯದೆ ಹೋದರೆ ಸುದ್ದಿಗಳೂ ತಪ್ಪುತ್ತವೆ. ಭೂಮಿ ಬಿಸಿಯಾಗಿ ಗಲ್ಫ್ ಸ್ಟ್ರೀಮ್ ನಿಂತೇಹೋಗಲಿದೆ ಎಂಬ ತಲೆಬರಹ ಆಗಾಗ ಕಾಣಿಸಿಕೊಳ್ಳುತ್ತದೆ. ಹಿಮ ಕರಗಿದ ಸಿಹಿನೀರಿನಿಂದ ದುರ್ಬಲವಾಗಬಹುದಾದದ್ದು ಮುಳುಗಿ ಮರಳುವ ಪರಿಚಲನೆ, ಅದರ ಬಗೆಗಿನ ಕಳವಳಕ್ಕೆ ಆಧಾರವಿದೆ. ಆದರೆ ಗಾಳಿ ಬೀಸುತ್ತಿರುವವರೆಗೆ, ಭೂಮಿ ತಿರುಗುತ್ತಿರುವವರೆಗೆ ಗಲ್ಫ್ ಸ್ಟ್ರೀಮ್ ಇದ್ದೇ ಇರುತ್ತದೆ ಎಂದು ಸಾಗರಶಾಸ್ತ್ರಜ್ಞ ಕಾರ್ಲ್ ವುನ್ಶ್ 2004ರಲ್ಲಿಯೇ ತಿದ್ದಿದ್ದರು. ಆ ತಿದ್ದುಪಡಿ ಇನ್ನೂ ಸಾಕಷ್ಟು ಕಡೆ ತಲುಪಿಲ್ಲ.

ಅಟ್ಲಾಂಟಿಕ್‌ನ ಈ ಸಿದ್ಧಾಂತ ಉತ್ತರ ಹಿಂದೂ ಮಹಾಸಾಗರಕ್ಕೆ ಬಂದಾಗ ಬೇರೆಯೇ ರೂಪ ತಾಳುತ್ತದೆ. ಇಲ್ಲಿ ಏಷ್ಯಾ ಖಂಡ ಸುಮಾರು 25 ಡಿಗ್ರಿಯಲ್ಲಿಯೇ ಸಾಗರವನ್ನು ಮುಚ್ಚಿಬಿಡುತ್ತದೆ, ಪಶ್ಚಿಮ ಮಾರುತಗಳಿಗೆ ಜಾಗವೇ ಇಲ್ಲ, ಇರುವ ಗಾಳಿಯೂ ಮುಂಗಾರಿನಲ್ಲಿ ಒಂದು ದಿಕ್ಕಿಗೆ, ಚಳಿಗಾಲದಲ್ಲಿ ಅದರ ಎದುರು ದಿಕ್ಕಿಗೆ ಬೀಸುತ್ತದೆ. ಆದ್ದರಿಂದ ಅರಬ್ಬೀ ಸಮುದ್ರದಲ್ಲಿ ವರ್ಷವಿಡೀ ನಿಲ್ಲುವ ಚಕ್ರ ಇಲ್ಲ. ಪಶ್ಚಿಮ ಅಂಚಿನ ಸೊಮಾಲಿ ಪ್ರವಾಹ ಮುಂಗಾರಿನಲ್ಲಿ ಉತ್ತರಕ್ಕೆ ಗಲ್ಫ್ ಸ್ಟ್ರೀಮ್‌ಗೆ ಕಡಿಮೆಯಿಲ್ಲದ ವೇಗದಲ್ಲಿ ಓಡಿ, ಚಳಿಗಾಲದಲ್ಲಿ ದಕ್ಷಿಣಕ್ಕೆ ತಿರುಗುತ್ತದೆ. 1960ರ ದಶಕದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಅಭಿಯಾನ ಇದನ್ನೆಲ್ಲ ವಿವರವಾಗಿ ಅಳೆಯಿತು. ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರಶಾಸ್ತ್ರ ಸಂಸ್ಥೆ 1966ರಲ್ಲಿ ಹುಟ್ಟಿದ್ದೂ ಆ ಅಭಿಯಾನದ ಫಲವಾಗಿಯೇ.

ಕರ್ನಾಟಕದ ಕರಾವಳಿಯ ಹೊರಗೂ ಪ್ರವಾಹ ವರ್ಷದಲ್ಲಿ ಎರಡು ಸಲ ದಿಕ್ಕು ಬದಲಿಸುತ್ತದೆ. ಮುಂಗಾರಿನಲ್ಲಿ ಅದು ದಕ್ಷಿಣಕ್ಕೆ ಹರಿಯುತ್ತದೆ. ದಂಡೆಯ ಗುಂಟ ದಕ್ಷಿಣಕ್ಕೆ ಬೀಸುವ ಗಾಳಿಯ ಪಾಲು ಎಕ್ಮನ್ನನ ನಿಯಮದಂತೆ ಮೇಲ್ನೀರನ್ನು ಬಲಕ್ಕೆ, ಅಂದರೆ ಪಶ್ಚಿಮದ ಆಳ ಸಮುದ್ರಕ್ಕೆ ಒಯ್ಯುತ್ತದೆ, ಅದು ತೆರವು ಮಾಡಿದ ಜಾಗಕ್ಕೆ ತಳದ ತಣ್ಣನೆಯ, ಪೋಷಕಾಂಶ ತುಂಬಿದ, ಆದರೆ ಆಮ್ಲಜನಕ ಕಡಿಮೆಯಿರುವ ನೀರು ಏರಿ ಬರುತ್ತದೆ. ಬೂತಾಯಿ, ಬಂಗುಡೆ ಮೀನುಗಳ ಆಹಾರವಾದ ಸೂಕ್ಷ್ಮಜೀವಿಗಳು ಹುಲುಸಾಗಿ ಬೆಳೆಯುವುದು ಈ ನೀರಿನಿಂದ. ಚಳಿಗಾಲದಲ್ಲಿ ಅದೇ ಪ್ರವಾಹ ಉತ್ತರಕ್ಕೆ ತಿರುಗಿ, ಬಂಗಾಳ ಕೊಲ್ಲಿಯಿಂದ ಶ್ರೀಲಂಕಾ ಬಳಸಿ ಬಂದ, ಉಪ್ಪು ಕಡಿಮೆಯಿರುವ ನೀರನ್ನು ಮಲೆಯಾಳದ ಕಡೆಯಿಂದ ಕರಾವಳಿಯುದ್ದಕ್ಕೂ ತರುತ್ತದೆ. ಆಗ ಇಲ್ಲಿನ ಗಾಳಿ ಉತ್ತರದ ಕಡೆಯಿಂದಲೇ ಮೆಲ್ಲನೆ ಬೀಸುತ್ತಿರುತ್ತದೆ, ಪ್ರವಾಹ ಅದರ ಎದುರಿಗೇ ಸಾಗುತ್ತದೆ. ಅದನ್ನು ನಡೆಸುವುದು ಬಂಗಾಳ ಕೊಲ್ಲಿಯ ದಂಡೆಯ ಮೇಲೆ ಬೀಸಿದ ಗಾಳಿ ಎಬ್ಬಿಸಿ, ಭಾರತದ ಕರಾವಳಿಯನ್ನು ಬಲಕ್ಕಿಟ್ಟುಕೊಂಡು ಸುತ್ತಿ ಬರುವ ಬಹು ದೀರ್ಘ ಅಲೆಗಳು ಎಂಬುದು ಈಗ ಸ್ಥಿರಪಟ್ಟಿದೆ. ಕಾರವಾರದಲ್ಲಿ ನಿಂತು ಅಲ್ಲಿನ ಗಾಳಿಯನ್ನಷ್ಟೇ ಅಳೆದವರಿಗೆ ಅಲ್ಲಿನ ಪ್ರವಾಹ ಅರ್ಥವಾಗುವುದಿಲ್ಲ. ಅರಬ್ಬೀ ಸಮುದ್ರದ ಪ್ರವಾಹಗಳನ್ನು ತೋರಿಸುವ ನಕಾಶೆ ಶಾಲೆಯ ಪುಸ್ತಕದಲ್ಲಿ ಕಂಡಾಗ ಅದರ ಮೇಲೆ ತಿಂಗಳ ಹೆಸರಿದೆಯೇ ಎಂದು ಓದುಗರು ಮೊದಲು ನೋಡಬೇಕು. ಇಲ್ಲದಿದ್ದರೆ ಆ ಬಾಣಗಳು ವರ್ಷದ ಅರ್ಧ ಕಾಲ ತಪ್ಪು ದಿಕ್ಕನ್ನು ತೋರಿಸುತ್ತಿವೆ.